ಎರಡು ಮನೆ, ಹತ್ತಿರ ಹತ್ತಿರ ಅಂಕ: ತೂಕದ ಪಟ್ಟಿಯಿಂದ ತೀರ್ಮಾನಕ್ಕೆ ಬರುವುದು ಹೇಗೆ

ಎರಡು ಆಯ್ಕೆಗಳಲ್ಲಿ ಒಂದು ಎದ್ದು ಕಾಣುವಷ್ಟು ಚೆನ್ನಾಗಿದ್ದರೆ ಪೆನ್ನು ಕಾಗದ ಹಿಡಿಯುವ ಅಗತ್ಯವೇ ಇರುವುದಿಲ್ಲ. ಪಟ್ಟಿ ಬೇಕಾಗುವುದು ಎರಡೂ ಹೆಚ್ಚುಕಮ್ಮಿ ಒಂದೇ ಅನ್ನಿಸಿದಾಗ. ಆದರೆ ನಾವು ಮಾಮೂಲಾಗಿ ಮಾಡುವ ಪಟ್ಟಿ ಕೈಕೊಡುವುದೂ ಅಲ್ಲೇ. ಅನುಕೂಲ ಒಂದು ಕಡೆ, ಅನಾನುಕೂಲ ಇನ್ನೊಂದು ಕಡೆ ಬರೆಯುತ್ತೇವೆ. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ತೂಕ ಕೊಡುತ್ತೇವೆ, ಗುಣಿಸುತ್ತೇವೆ, ಕೂಡುತ್ತೇವೆ. ಕೊನೆಗೆ ಒಂದಕ್ಕೆ 502, ಇನ್ನೊಂದಕ್ಕೆ 495 ಬರುತ್ತದೆ. ಈಗೇನು ಮಾಡೋದು? ಏಳು ಅಂಕ ಜಾಸ್ತಿ ಬಂತು ಅಂತ ಮೊದಲನೆಯದನ್ನೇ ಹಿಡಿಯಬೇಕಾ? ತುಂಬಾ ಜನ ಇಲ್ಲಿಗೆ ಬಂದು ಪಟ್ಟಿಯನ್ನು ಮಡಚಿಡುತ್ತಾರೆ. ಇವತ್ತು ನಾನು ಮಾತಾಡುವುದು ಈ ಒಂದು ಜಾಗದ ಬಗ್ಗೆ ಮಾತ್ರ. ಅಂಕ ಹತ್ತಿರ ಬಂದಾಗ ಪಟ್ಟಿಯಿಂದ ಉತ್ತರ ಹೊರಡಿಸುವುದು ಹೇಗೆ?

ಈ ಪದ್ಧತಿಯ ಹಳೆಯ ದಾಖಲೆಗಳಲ್ಲಿ ಒಂದು 1772ರದ್ದು. ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಒಂದು ಕೆಲಸಕ್ಕೆ ಕರೆ ಬಂದಿತ್ತು. ಲಾರ್ಡ್ ಶೆಲ್ಬರ್ನ್ ಎಂಬ ಶ್ರೀಮಂತರ ಬಳಿ ಸೇರಬೇಕೋ, ಇದ್ದಲ್ಲೇ ಇರಬೇಕೋ ಅಂತ ಅವರು ಬೆಂಜಮಿನ್ ಫ್ರಾಂಕ್ಲಿನ್ ಅವರನ್ನು ಕೇಳಿದರು. ಏನು ತೀರ್ಮಾನ ಮಾಡಬೇಕು ಅಂತ ಹೇಳುವಷ್ಟು ವಿವರ ನನ್ನ ಬಳಿ ಇಲ್ಲ, ಹೇಗೆ ತೀರ್ಮಾನ ಮಾಡಬೇಕು ಅನ್ನುವುದನ್ನು ಮಾತ್ರ ಹೇಳುತ್ತೇನೆ ಎಂದು ಫ್ರಾಂಕ್ಲಿನ್ ಸೆಪ್ಟೆಂಬರ್ 19ರಂದು ಪತ್ರ ಬರೆದರು. ಅರ್ಧ ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಪರವಾಗಿರುವುದು ಒಂದು ಕಡೆ, ವಿರುದ್ಧವಾಗಿರುವುದು ಇನ್ನೊಂದು ಕಡೆ ಇರಲಿ. ಮೂರು ನಾಲ್ಕು ದಿನ ಹೊಳೆದಂತೆಲ್ಲ ಸೇರಿಸುತ್ತಾ ಹೋಗಿ. ಆಮೇಲೆ ಈ ಕಡೆಯ ಒಂದು ಕಾರಣ ಆ ಕಡೆಯ ಒಂದಕ್ಕೆ ಸಮ ಅನ್ನಿಸಿದರೆ ಎರಡನ್ನೂ ಹೊಡೆದುಹಾಕಿ. ಈ ಕಡೆಯ ಒಂದು ಆ ಕಡೆಯ ಎರಡಕ್ಕೆ ಸಮವಾದರೆ ಮೂರನ್ನೂ ಹೊಡೆದುಹಾಕಿ. ಕೊನೆಗೆ ಉಳಿದದ್ದು ಯಾವ ಕಡೆ ಇದೆ ನೋಡಿ. ಇಷ್ಟೇ. ಪ್ರೀಸ್ಟ್ಲಿ ಆ ಕೆಲಸಕ್ಕೆ ಸೇರಿಕೊಂಡರು. ಆಮ್ಲಜನಕವನ್ನು ಬೇರ್ಪಡಿಸಿದ ಅವರ 1774ರ ಪ್ರಯೋಗ ನಡೆದದ್ದು ಶೆಲ್ಬರ್ನ್ ಅವರ ಬಂಗಲೆಯಲ್ಲೇ. ಅದು ಬೇರೆ ಕಥೆ ಬಿಡಿ.

ನೀವು ಗಮನಿಸಬೇಕಾದದ್ದು ಆ ಹೊಡೆದುಹಾಕುವ ಕೆಲಸವನ್ನು. ಫ್ರಾಂಕ್ಲಿನ್ ಹತ್ತಕ್ಕೆ ಎಂಟು, ಹತ್ತಕ್ಕೆ ಒಂಬತ್ತು ಅಂತ ಅಂಕ ಕೊಡಲೇ ಇಲ್ಲ. ಕಾರಣವನ್ನು ಕಾರಣದ ಎದುರು ಇಟ್ಟು ತೂಗಿದರು. ನಮ್ಮ ಈಗಿನ ಪಟ್ಟಿಗಳಲ್ಲಿ ಬಿಟ್ಟುಹೋಗಿರುವುದು ಇದೇ.

ಒಂದು ಉದಾಹರಣೆ ಹಿಡಿದು ಪೂರ್ತಿ ನೋಡೋಣ. ನನಗೆ ಪರಿಚಯವಿರುವ ಒಂದು ಕುಟುಂಬ ಬಾಡಿಗೆ ಮನೆ ಹುಡುಕುತ್ತಿತ್ತು. ಆಕೆ ಜಯನಗರದ ಒಂದು ಕಾಲೇಜಿನಲ್ಲಿ ಲೆಕ್ಚರರ್, ವಾರಕ್ಕೆ ಆರು ದಿನ ಹೋಗಬೇಕು. ಆತನಿಗೆ ವೈಟ್‌ಫೀಲ್ಡ್ ಕಡೆ ಆಫೀಸು, ವಾರಕ್ಕೆ ಮೂರು ದಿನ ಮಾತ್ರ ಹೋಗುವುದು. ಜೊತೆಗೆ ಆತನ ತಾಯಿ ಮತ್ತು ಶಾಲೆಗೆ ಹೋಗುವ ಒಂದು ಮಗು. ಅಮ್ಮನಿಗೆ ಮಂಡಿ ನೋವು. ಹುಡುಕಿ ಹುಡುಕಿ ಎರಡು ಮನೆಗೆ ಬಂದು ನಿಂತರು. ಒಂದು ವಿಜಯನಗರದಲ್ಲಿ, ಬಾಡಿಗೆ 27,000. ಎರಡನೇ ಮಹಡಿ, ಲಿಫ್ಟ್ ಇಲ್ಲ, ಒಳ್ಳೆ ಗಾಳಿ ಬೆಳಕು, ನೇರಳೆ ಮೆಟ್ರೋ ನಡೆದು ಹೋಗುವಷ್ಟು ಹತ್ತಿರ. ಇನ್ನೊಂದು ಬನಶಂಕರಿಯಲ್ಲಿ, ಬಾಡಿಗೆ 30,000. ಗ್ರೌಂಡ್ ಫ್ಲೋರ್, ಪಕ್ಕದ ಕಟ್ಟಡ ಒತ್ತಿಕೊಂಡಿರುವುದರಿಂದ ಬೆಳಕು ಕಮ್ಮಿ. ಮೆಟ್ರೋಗೆ ಬಸ್ ಹಿಡಿಯಬೇಕು, ಆತ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಆಕೆಯ ಕಾಲೇಜು ಮಾತ್ರ ಹತ್ತಿರ. ಅಡ್ವಾನ್ಸ್ ಇಬ್ಬರು ಓನರ್‌ಗಳೂ ಕೇಳಿದ್ದು ಒಂದೇ ಮೊತ್ತ.

ಗಂಡ ಹೆಂಡತಿ ಕೂತು ಮಾಡಿದ ಪಟ್ಟಿ ಹೀಗಿತ್ತು. ತೂಕವೂ ಹತ್ತಕ್ಕೆ, ಅಂಕವೂ ಹತ್ತಕ್ಕೆ.

| ವಿಷಯ | ತೂಕ | ವಿಜಯನಗರ | ಬನಶಂಕರಿ |
|---|---|---|---|
| ನೀರು | 10 | 8 | 8 |
| ಬಾಡಿಗೆ | 9 | 8 | 7 |
| ಅಮ್ಮನಿಗೆ ಮೆಟ್ಟಿಲು | 9 | 5 | 8 |
| ಮಗುವಿನ ಶಾಲೆ | 9 | 7 | 7 |
| ಆತನ ಆಫೀಸು | 8 | 7 | 5 |
| ಆಕೆಯ ಕಾಲೇಜು | 8 | 5 | 8 |
| ಮೆಟ್ರೋ ಹತ್ತಿರ | 7 | 9 | 6 |
| ಗಾಳಿ ಬೆಳಕು | 6 | 8 | 6 |
| ಪಾರ್ಕಿಂಗ್ | 5 | 7 | 7 |

ಗುಣಿಸಿ ಕೂಡಿದರೆ ವಿಜಯನಗರಕ್ಕೆ 502, ಬನಶಂಕರಿಗೆ 495. ನಾನು ಆಗಲೇ ಹೇಳಿದ ಅಂಕ ಇಲ್ಲಿಯದೇ. ಪಟ್ಟಿಯಲ್ಲಿ ಕೂಡಿದ್ದು ಸರಿಯಾಗಿದೆ. ತಪ್ಪಿರುವುದು ಕೂಡುವುದಕ್ಕೆ ಮುಂಚೆ.

ಮೊದಲು ನೀರಿನ ಸಾಲು ನೋಡಿ. ತೂಕ 10, ಎಲ್ಲಕ್ಕಿಂತ ಜಾಸ್ತಿ. ಬೆಂಗಳೂರಿನಲ್ಲಿ ಮನೆ ಹುಡುಕುವವರು ಬೇರೆ ಹೇಗೆ ಬರೆದಾರು? 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದದ್ದನ್ನು ನಾವ್ಯಾರೂ ಮರೆತಿಲ್ಲ. ಆದರೆ ಎರಡೂ ಮನೆಗೆ ಕಾವೇರಿ ನೀರು ಬರುತ್ತದೆ, ಎರಡಕ್ಕೂ 8 ಅಂಕ. ಅಂದರೆ ಇಬ್ಬರಿಗೂ 80 ಸಿಕ್ಕಿತು, ವ್ಯತ್ಯಾಸ ಸೊನ್ನೆ. ಶಾಲೆಯೂ ಹಾಗೇ, ಸ್ಕೂಲ್ ವ್ಯಾನ್ ಎರಡೂ ಕಡೆ ಬರುತ್ತದೆ. ಪಾರ್ಕಿಂಗೂ ಹಾಗೇ. ಈ ಮೂರು ಸಾಲು ಸೇರಿ ಎರಡೂ ಕಡೆ 178 ಅಂಕ ತುಂಬಿವೆ, ತೀರ್ಮಾನಕ್ಕೆ ಮಾತ್ರ ಏನೂ ಕೊಟ್ಟಿಲ್ಲ. ಇವುಗಳಿಂದ ಒಂದು ತೊಂದರೆಯೂ ಇದೆ. 502ಕ್ಕೆ 495 ಅಂದಾಗ ಎರಡೂ ಒಂದೇ ಥರ ಕಾಣುತ್ತವೆ, ಯಾಕೆಂದರೆ ಸಮವಾಗಿರುವುದನ್ನೆಲ್ಲ ಎರಡೂ ಕಡೆ ಪೇರಿಸಿಟ್ಟಿದ್ದೇವೆ. ಹೊಡೆದುಹಾಕಿ.

ನೀರಿನ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಂದು ಮನೆಗೆ ಕಾವೇರಿ ಸಂಪರ್ಕವೇ ಇಲ್ಲ, ಪೂರ್ತಿ ಟ್ಯಾಂಕರ್ ನಂಬಿಕೊಂಡಿರಬೇಕು ಅಂತಿಟ್ಟುಕೊಳ್ಳಿ. ಅದು ನಿಮಗೆ ಆಗದ ಮಾತು ಅಂತಾದರೆ ಅದಕ್ಕೆ 10 ತೂಕ ಕೊಟ್ಟು ಪಟ್ಟಿಗೆ ಸೇರಿಸಬೇಡಿ. ಸೇರಿಸಿದರೆ ಒಳ್ಳೆ ಬಾಲ್ಕನಿ, ಕಮ್ಮಿ ಬಾಡಿಗೆ, ಹತ್ತಿರದ ಪಾರ್ಕು ಎಲ್ಲ ಸೇರಿ ಆ ಕೊರತೆಯನ್ನು ತುಂಬಿಬಿಡುತ್ತವೆ, ಕಾಗದದ ಮೇಲೆ. ಆಗದ ಮಾತಿಗೆ ಅಂಕ ಇಲ್ಲ. ಆ ಮನೆಯನ್ನು ಪಟ್ಟಿ ಶುರು ಮಾಡುವ ಮುಂಚೆಯೇ ಬಿಟ್ಟುಬಿಡಬೇಕು. ಯಾವುದು ಬೇರೆಯದರಿಂದ ತುಂಬಿಕೊಳ್ಳಬಹುದೋ ಅದಕ್ಕೆ ಮಾತ್ರ ಪಟ್ಟಿಯಲ್ಲಿ ಜಾಗ.

ಮುಂದೆ, 'ಆತನ ಆಫೀಸು' ಮತ್ತು 'ಮೆಟ್ರೋ ಹತ್ತಿರ' ಎರಡೂ ಸಾಲು ನೋಡಿ. ಆಫೀಸಿನ ಸಾಲಿನಲ್ಲಿ ವಿಜಯನಗರಕ್ಕೆ 16 ಅಂಕ ಜಾಸ್ತಿ ಬಂದಿದೆ. ಯಾಕೆ? ಮೆಟ್ರೋ ಹತ್ತಿರ, ಬದಲಾಯಿಸುವುದು ಬೇಡ ಅಂತ. ಆಮೇಲೆ ಮೆಟ್ರೋ ಸಾಲಿನಲ್ಲಿ ಇನ್ನೂ 21 ಅಂಕ. ಒಂದೇ ಅನುಕೂಲಕ್ಕೆ ಎರಡು ಸಲ ಅಂಕ! ನಾನು ಅವರನ್ನು ಕೇಳಿದೆ, ಆಫೀಸಿಗೆ ಹೋಗುವ ಸಮಯ ಎರಡೂ ಮನೆಯಿಂದ ಒಂದೇ ಅಂತಿಟ್ಟುಕೊಳ್ಳಿ, ಆಗಲೂ ಮೆಟ್ರೋ ಹತ್ತಿರ ಇರುವುದಕ್ಕೆ ಏನಾದರೂ ಬೆಲೆ ಇದೆಯಾ? ಇಬ್ಬರೂ ಯೋಚಿಸಿ, ಏನೂ ಇಲ್ಲ ಅಂದರು. ಭಾನುವಾರ ಎಲ್ಲಿಗೆ ಹೋದರೂ ಎಲ್ಲರೂ ಕಾರಿನಲ್ಲೇ ಹೋಗುವುದಂತೆ. ಹಾಗಾದರೆ ಆ ಸಾಲು ಬೇಡ. ಅದನ್ನು ತೆಗೆದ ಕೂಡಲೇ ವಿಜಯನಗರ 261, ಬನಶಂಕರಿ 275. ಮುಂದಿದ್ದ ಮನೆ ಹಿಂದಾಯಿತು.

ಎರಡು ಸಲ ಎಣಿಸುವ ಈ ತಪ್ಪು ಅನುಕೂಲ–ಅನಾನುಕೂಲ ಅಂತ ಎರಡು ಭಾಗ ಮಾಡಿ ಬರೆಯುವ ಪಟ್ಟಿಯಲ್ಲಿ ಇನ್ನೂ ಸುಲಭವಾಗಿ ನುಗ್ಗುತ್ತದೆ. ಬನಶಂಕರಿಯ ಅನುಕೂಲದಲ್ಲಿ 'ಅಮ್ಮನಿಗೆ ಮೆಟ್ಟಿಲು ಹತ್ತುವ ಕಷ್ಟ ಇಲ್ಲ' ಅಂತ ಬರೆಯುತ್ತೀರಿ. ವಿಜಯನಗರದ ಅನಾನುಕೂಲದಲ್ಲಿ 'ಎರಡು ಮಹಡಿ ಹತ್ತಬೇಕು' ಅಂತ ಬರೆಯುತ್ತೀರಿ. ಎರಡೂ ಒಂದೇ ವ್ಯತ್ಯಾಸ. ಎದುರಿಗಿರುವುದು ಎರಡೇ ಆಯ್ಕೆ ಆದಾಗ ಒಂದರ ಅನುಕೂಲವೇ ಇನ್ನೊಂದರ ಅನಾನುಕೂಲ. ಹಾಗಾಗಿ ನಾನು ನಾಲ್ಕು ಪಟ್ಟಿ ಮಾಡಲು ಬಿಡುವುದಿಲ್ಲ. ಒಂದು ವ್ಯತ್ಯಾಸಕ್ಕೆ ಒಂದೇ ಸಾಲು. ಅದು ಯಾವ ಮನೆಗೆ ಅನುಕೂಲವೋ ಆ ಮನೆಯ ಹೆಸರಿನ ಕೆಳಗೆ.

ಈಗ ತೂಕದ ವಿಷಯಕ್ಕೆ ಬರೋಣ. ನಾನು ಇವತ್ತು ಜಾಸ್ತಿ ಹೊತ್ತು ನಿಲ್ಲಬೇಕು ಅಂದುಕೊಂಡಿರುವುದು ಇಲ್ಲೇ.

'ಬಾಡಿಗೆ ನಿಮಗೆ ಎಷ್ಟು ಮುಖ್ಯ?' ಅಂತ ಕೇಳಿದರೆ ಯಾರಾದರೂ 9 ಅನ್ನುತ್ತಾರೆ. ಆದರೆ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಎರಡು ಮನೆ ನಡುವೆ ಬಾಡಿಗೆ ವ್ಯತ್ಯಾಸ 300 ರೂಪಾಯಿ ಇದ್ದರೆ? ಬಾಡಿಗೆ ಆಗಲೂ ಮುಖ್ಯವೇ, ಆದರೆ ಆ 300 ಯಾವ ಲೆಕ್ಕಕ್ಕೂ ಬರುವುದಿಲ್ಲ. ವ್ಯತ್ಯಾಸ 13,000 ಇದ್ದರೆ ಮಿಕ್ಕ ಸಾಲುಗಳನ್ನು ನೋಡುವ ಕೆಲಸವೇ ಇಲ್ಲ. ಬಾಡಿಗೆ ಅನ್ನುವ ವಿಷಯಕ್ಕೆ ತೂಕ ಕೊಡಲು ಆಗುವುದಿಲ್ಲ, ಈ 3,000 ರೂಪಾಯಿಗೆ ತೂಕ ಕೊಡಬಹುದು. ತೂಕ ಯಾವಾಗಲೂ ವ್ಯತ್ಯಾಸದ ಮೇಲೆ ಕೂರಬೇಕು.

ಇದನ್ನು ಮರೆತರೆ ಏನಾಗುತ್ತದೆ ಅಂತ ಪಟ್ಟಿಯಲ್ಲೇ ಕಾಣುತ್ತದೆ. ಆತನ ಆಫೀಸಿಗೂ ಆಕೆಯ ಕಾಲೇಜಿಗೂ ಒಂದೇ ತೂಕ, 8. ಇಬ್ಬರ ಕೆಲಸವೂ ಮುಖ್ಯ ಅಂತ ಪ್ರೀತಿಯಿಂದ ಸಮ ಮಾಡಿದ್ದಾರೆ. ಆದರೆ ಇಬ್ಬರೂ ನಿಜವಾಗಿ ಹೋಗಿ ಗಡಿಯಾರ ನೋಡಿಕೊಂಡು ಬಂದಾಗ ಕಂಡದ್ದು ಬೇರೆ. ವಿಜಯನಗರದಿಂದ ಹೊರಟರೆ ಆತನಿಗೆ ಒಂದು ಸಲಕ್ಕೆ 20 ನಿಮಿಷ ಉಳಿತಾಯ. ಹೋಗಿ ಬರುವುದು ಸೇರಿ ದಿನಕ್ಕೆ 40 ನಿಮಿಷ, ವಾರಕ್ಕೆ ಮೂರು ದಿನ, ಅಂದರೆ ಎರಡು ಗಂಟೆ. ಬನಶಂಕರಿಯಿಂದ ಹೊರಟರೆ ಆಕೆಗೆ ಒಂದು ಸಲಕ್ಕೆ 30 ನಿಮಿಷ ಉಳಿತಾಯ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಆರು ದಿನ, ಅಂದರೆ ಆರು ಗಂಟೆ. ಎರಡು ಗಂಟೆ ಎಲ್ಲಿ, ಆರು ಗಂಟೆ ಎಲ್ಲಿ! ಅವರ ಮೊದಲ ಪಟ್ಟಿಯಲ್ಲಿ ಇದು 16ಕ್ಕೆ 24 ಅಂತ ಕಾಣುತ್ತಿತ್ತು. ಅಂಕಗಳ ತೊಂದರೆಯೂ ಇಲ್ಲೇ ಇದೆ. 7, 5, 8 ಅಂತ ಕೊಟ್ಟಾಗ ಒಂದು ಅಂಕ ಅಂದರೆ ಎಷ್ಟು ನಿಮಿಷ, ಎಷ್ಟು ರೂಪಾಯಿ, ಎಷ್ಟು ಮೆಟ್ಟಿಲು ಅಂತ ಯಾರಿಗೂ ಗೊತ್ತಿರುವುದಿಲ್ಲ. ಬಾಡಿಗೆಗೆ 8 ಮತ್ತು 7 ಕೊಟ್ಟಿದ್ದಾರೆ. 8 ಮತ್ತು 5 ಕೊಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ, ಆದರೆ ಒಟ್ಟು ಅಂಕ ಅಡಿಮೇಲಾಗುತ್ತಿತ್ತು.

ಅದಕ್ಕೇ ಎರಡೇ ಆಯ್ಕೆ ಇದ್ದಾಗ ನಾನು ಅಂಕದ ಎರಡು ಕಾಲಂಗಳನ್ನು ಪೂರ್ತಿ ತೆಗೆದುಬಿಡಿ ಅನ್ನುತ್ತೇನೆ. ಹತ್ತು ಮನೆ ಇದ್ದರೆ ಪ್ರತಿಯೊಂದಕ್ಕೂ ಅಂಕ ಬೇಕು, ಯಾಕೆಂದರೆ ಕೆಲವು ಮನೆ ನಡುವೆ ಎಲ್ಲೋ ಬರುತ್ತವೆ. ಎರಡೇ ಇದ್ದರೆ ನಡುವೆ ಅನ್ನುವುದೇ ಇಲ್ಲ. ಪ್ರತಿ ಸಾಲಿನಲ್ಲೂ ಒಂದು ಮನೆ ಒಳ್ಳೆಯ ಕಡೆ, ಇನ್ನೊಂದು ಕೆಟ್ಟ ಕಡೆ. ಆ ವ್ಯತ್ಯಾಸಕ್ಕೆ ಒಂದು ತೂಕ ಕೊಟ್ಟರೆ ಸಾಕು, ಅದು ಪೂರ್ತಿ ಒಳ್ಳೆಯ ಕಡೆಯ ಮನೆಗೆ ಸೇರುತ್ತದೆ. ಸುತ್ತಿ ಬಳಸಿ ಫ್ರಾಂಕ್ಲಿನ್ ಹಾಳೆಗೇ ಬಂದೆವು ಅಲ್ವಾ?

ಸರಿ, ಆ ತೂಕ ಕೊಡೋದು ಹೇಗೆ? ಒಂದು ಮೂರನೇ ಮನೆಯನ್ನು ಕಲ್ಪಿಸಿಕೊಳ್ಳಿ ಅಂತ ನಾನು ಅವರಿಗೆ ಹೇಳಿದೆ. ಅದರಲ್ಲಿ ಎಲ್ಲವೂ ಕೆಟ್ಟ ಕಡೆಯದೇ. ಬಾಡಿಗೆ 30,000, ಎರಡನೇ ಮಹಡಿ, ಬೆಳಕಿಲ್ಲ, ಆತನಿಗೂ ದೂರ, ಆಕೆಗೂ ದೂರ. ಓನರ್ ಬಂದು, ಈ ಐದರಲ್ಲಿ ಒಂದನ್ನು ಮಾತ್ರ ಸರಿ ಮಾಡಿಕೊಡುತ್ತೇನೆ, ಯಾವುದು ಬೇಕು ಅಂತಾರೆ. ಯಾವುದನ್ನು ಕೇಳುತ್ತೀರಿ? ಇಬ್ಬರೂ ಒಟ್ಟಿಗೇ 'ಮೆಟ್ಟಿಲು' ಅಂದರು. ಅದಕ್ಕೆ 100 ಇಟ್ಟೆವು. ಎರಡನೆಯದಾಗಿ ಯಾವುದು? ಆಕೆಯ ಕಾಲೇಜು. ಮೆಟ್ಟಿಲು 100 ಆದರೆ ಇದು ಎಷ್ಟು? 70. ಆಮೇಲೆ ಬಾಡಿಗೆಯ 3,000ಕ್ಕೆ 60, ಬೆಳಕಿಗೆ 50, ಆತನ ಆಫೀಸಿಗೆ 30. ಇದನ್ನು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆದು ಆಮೇಲೆ ಮಾತಾಡಿಕೊಂಡು ಒಪ್ಪಿದ್ದು. ಒಟ್ಟಿಗೆ ಬರೆದರೆ ಜೋರಾಗಿ ಮಾತಾಡುವವರ ಸಂಖ್ಯೆಯೇ ಉಳಿಯುತ್ತದೆ. ಇನ್ನೂ ಒಂದು ಎಚ್ಚರ ಇದೆ. ಯಾವ ಸಾಲು ಯಾವ ಮನೆಗೆ ಅನುಕೂಲ ಅಂತ ಗೊತ್ತಿದ್ದರೂ ಮಧ್ಯೆ ಮಧ್ಯೆ ಕೂಡಿ ನೋಡಬಾರದು. ಕೂಡುತ್ತಾ ಬರೆದರೆ ಮನಸ್ಸಿಗೆ ಬೇಕಾದ ಮನೆ ಗೆಲ್ಲುವ ತನಕ ಕೈ ನಿಲ್ಲುವುದಿಲ್ಲ.

ಈಗ ಕೂಡೋಣ. ವಿಜಯನಗರದ ಕೆಳಗೆ ಬಾಡಿಗೆ 60, ಬೆಳಕು 50, ಆತನ ಆಫೀಸು 30, ಒಟ್ಟು 140. ಬನಶಂಕರಿಯ ಕೆಳಗೆ ಮೆಟ್ಟಿಲು 100, ಕಾಲೇಜು 70, ಒಟ್ಟು 170. ಮೊದಲಿನ 502ಕ್ಕೆ 495 ಎಲ್ಲಿ, ಇದೆಲ್ಲಿ ನೋಡಿ.

ಆದರೆ ಇಲ್ಲಿಗೆ ನಿಲ್ಲಿಸಬಾರದು. ಈ ಐದು ಸಂಖ್ಯೆ ನಂಬಬಹುದಾ ಅಂತ ಪರೀಕ್ಷೆ ಮಾಡಬೇಕು, ಮತ್ತು ಅದಕ್ಕೆ ಒಂದು ಒಳ್ಳೆ ದಾರಿ ಇದೆ. ಸಾಲುಗಳಲ್ಲಿ ಒಂದು ದುಡ್ಡಿನ ಸಾಲು. 60 ತೂಕ ಅಂದರೆ ತಿಂಗಳಿಗೆ 3,000 ರೂಪಾಯಿ. ಹಾಗಾದರೆ ಒಂದು ತೂಕಕ್ಕೆ 50 ರೂಪಾಯಿ. ಈಗ ಮಿಕ್ಕಿದ್ದನ್ನೆಲ್ಲ ರೂಪಾಯಿಗೆ ತಿರುಗಿಸಿ ಓದಿ.

ಆಕೆಯ ಕಾಲೇಜು 70, ಅಂದರೆ ತಿಂಗಳಿಗೆ 3,500. ಉಳಿಯುವುದು ನಾಲ್ಕು ವಾರಕ್ಕೆ 24 ಗಂಟೆ. ಗಂಟೆಗೆ ಸುಮಾರು 145 ರೂಪಾಯಿ ಆಯಿತು. ಆತನ ಆಫೀಸು 30, ಅಂದರೆ 1,500. ಉಳಿಯುವುದು 8 ಗಂಟೆ. ಗಂಟೆಗೆ ಸುಮಾರು 190. ಇದನ್ನು ಬರೆದು ತೋರಿಸಿದ ಕೂಡಲೇ ಆಕೆ ಗಂಡನ ಕಡೆ ತಿರುಗಿ, "ನನ್ನ ಒಂದು ಗಂಟೆ ಯಾಕ್ರೀ ನಿಮ್ಮ ಗಂಟೆಗಿಂತ ಅಗ್ಗ?" ಅಂದರು. ಆತ, "ನಾನು ಹಾಗೆ ಅಂದುಕೊಂಡೇ ಇರಲಿಲ್ಲ, ಸುಮ್ನೆ ಅಂದಾಜಿಗೆ ಹಾಕಿದ್ದು" ಅಂದರು. ಇಬ್ಬರದೂ ನಿಜ. ಯಾರೂ ಬೇಕಂತ ಮಾಡಿದ್ದಲ್ಲ, ಸಂಖ್ಯೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಕೊಟ್ಟಾಗ ಹೀಗೆ ಆಗುತ್ತದೆ. ಇಬ್ಬರ ಗಂಟೆಗೂ ಒಂದೇ ಬೆಲೆ ಅಂತ ಒಪ್ಪಿಕೊಂಡು ಆಕೆಯದಕ್ಕೆ 75, ಆತನದಕ್ಕೆ 25 ಮಾಡಿದರು. ಆರು ಗಂಟೆಗೆ ಎರಡು ಗಂಟೆ, ಒಂದಕ್ಕೆ ಮೂರರಷ್ಟು ಸರಿಯಾಗಿ ಕೂತಿತು.

ಮೆಟ್ಟಿಲು 100, ಅಂದರೆ ತಿಂಗಳಿಗೆ 5,000. ನಾನು ಕೇಳಿದ್ದು ಇಷ್ಟು: ಒಂದೇ ಕಟ್ಟಡದಲ್ಲಿ, ಒಂದೇ ಥರದ ಎರಡು ಮನೆ ಖಾಲಿ ಇವೆ, ಒಂದು ಎರಡನೇ ಮಹಡಿ, ಒಂದು ಗ್ರೌಂಡ್ ಫ್ಲೋರ್. ಗ್ರೌಂಡ್ ಫ್ಲೋರ್‌ಗೆ ಎಷ್ಟು ಜಾಸ್ತಿ ಬಾಡಿಗೆ ಕೊಡುತ್ತೀರಿ? ಅಮ್ಮ ದಿನಕ್ಕೆ ಎರಡು ಸಲ ಹೊರಗೆ ಹೋಗುತ್ತಾರೆ, ಬೆಳಿಗ್ಗೆ ದೇವಸ್ಥಾನಕ್ಕೆ, ಸಂಜೆ ತರಕಾರಿಗೆ. ಎರಡನೇ ಮಹಡಿ ಆದರೆ ಒಂದು ಸಲಕ್ಕೆ ಇಳಿಯುತ್ತಾರೆ, ಇನ್ನೊಂದು ಸಲ ಬೇಡ ಅಂತ ಕೂತುಬಿಡುತ್ತಾರೆ. ಆಕೆ, "ಅತ್ತೆ ಮನೆಯೊಳಗೇ ಕೂತರೆ ಮಂಡಿ ಇನ್ನೂ ಹಿಡಿದುಕೊಳ್ಳುತ್ತೆ" ಅಂದರು. ಇಷ್ಟೆಲ್ಲ ಮಾತಾಡಿ 4,000 ತನಕ ಕೊಡಬಹುದು, 5,000 ಕಷ್ಟ ಅಂತ ಬಂದರು. ಹಾಗಾದರೆ ತೂಕ 80. ಅಮ್ಮನ ಮಂಡಿಗೆ ರೂಪಾಯಿ ಕಟ್ಟುವುದು ಕೆಲವರಿಗೆ ಇಷ್ಟ ಆಗುವುದಿಲ್ಲ, ನನಗೆ ಗೊತ್ತು. ಆದರೆ ನೀವು ಯಾವ ಮನೆ ಹಿಡಿದರೂ ಒಂದು ಬೆಲೆ ಕಟ್ಟಿರುತ್ತೀರಿ, ಅದನ್ನು ಬರೆದಿರುವುದಿಲ್ಲ ಅಷ್ಟೇ. ಬರೆದರೆ ಕಮ್ಮಿ ಆಯಿತಾ ಅಂತ ಮನೆಯವರೆಲ್ಲ ನೋಡಬಹುದು.

ಈಗ ಲೆಕ್ಕ ಹೀಗೆ ನಿಂತಿತು. ಬನಶಂಕರಿ 80 ಮತ್ತು 75, ಒಟ್ಟು 155. ವಿಜಯನಗರ 60, 50, 25, ಒಟ್ಟು 135. ಅಂತರ 20.

ಈ ಹೊತ್ತಿನಲ್ಲಿ ಯಾವ ಮನೆ ಮುಂದಿದೆ ಅನ್ನುವುದಕ್ಕಿಂತ ಯಾವ ಸಾಲು ಎಷ್ಟು ಅಲುಗಾಡಿದರೆ ಉತ್ತರ ಮಗುಚುತ್ತದೆ ಅನ್ನುವುದನ್ನು ನೋಡಬೇಕು. ಇದು ಸುಲಭ. ಅಂತರ 20 ಇದೆ. ಹಿಂದಿರುವ ಮನೆಯ ಯಾವುದಾದರೂ ಒಂದು ಸಾಲು 20 ಏರಿದರೆ ಸಮ, ಅಥವಾ ಮುಂದಿರುವ ಮನೆಯ ಒಂದು ಸಾಲು 20 ಇಳಿದರೆ ಸಮ. ಒಂದೊಂದನ್ನೇ ಕೇಳುತ್ತಾ ಹೋಗಿ. ಬಾಡಿಗೆ 60ರಿಂದ 80ಕ್ಕೆ ಏರಬಹುದಾ? ಬಾಡಿಗೆ ಅಳತೆಗೋಲು, ಅದು ಏರುವುದು ಅಂದರೆ ಮಿಕ್ಕಿದ್ದೆಲ್ಲ ಅಗ್ಗ ಆಗುವುದು. ಆಗಲೇ ರೂಪಾಯಿಯಲ್ಲಿ ನೋಡಿ ಒಪ್ಪಿದ್ದಾರೆ, ಅಲ್ಲಾಡುವುದಿಲ್ಲ. ಆತನ ಆಫೀಸು 25ರಿಂದ 45ಕ್ಕೆ? ವಾರಕ್ಕೆ ಐದು ದಿನ ಆಫೀಸಿಗೆ ಬನ್ನಿ ಅಂದರೂ 42ಕ್ಕೆ ನಿಲ್ಲುತ್ತದೆ, ಆಗಲೂ ಬನಶಂಕರಿ ಒಂದು ಕೂದಲೆಳೆಯಷ್ಟು ಮುಂದೆ. ಮೆಟ್ಟಿಲು 80ರಿಂದ 60ಕ್ಕೆ? ಅಮ್ಮನ ನೋವು ಕಮ್ಮಿ ಆಗುವ ಲಕ್ಷಣ ಇಲ್ಲ. ಆಕೆಯ ಕಾಲೇಜು 75ರಿಂದ 55ಕ್ಕೆ? ಅದು ಗಡಿಯಾರ ನೋಡಿ ಅಳೆದದ್ದು, ಇಳಿಯುವುದಿಲ್ಲ. ಉಳಿದದ್ದು ಬೆಳಕು. 50ರಿಂದ 70ಕ್ಕೆ ಏರಬಹುದಾ? ಇಲ್ಲಿ ಇಬ್ಬರೂ ಸುಮ್ಮನಾದರು. ಯಾಕೆಂದರೆ ಬನಶಂಕರಿಯ ಮನೆಯನ್ನು ಅವರು ನೋಡಿದ್ದೇ ಸಂಜೆ ಏಳು ಗಂಟೆಗೆ, ಲೈಟ್ ಹಾಕಿಕೊಂಡು. ಬೆಳಕು ಕಮ್ಮಿ ಅಂತ ಹೇಳಿದ್ದು ಬ್ರೋಕರ್. ಇಡೀ ದಿನ ಮನೆಯಲ್ಲಿರುವುದು ಅಮ್ಮ. ಹಗಲಲ್ಲೂ ಕತ್ತಲೆ ಅಂದರೆ ಅದು ಅವರಿಗೇ ಕಷ್ಟ.

ಪಟ್ಟಿ ಇಲ್ಲಿ ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಒಂಬತ್ತು ವಿಷಯದ ಗೋಜಲು ಹೋಗಿ ಒಂದೇ ಪ್ರಶ್ನೆ ಉಳಿಯಿತು, ಮತ್ತು ಅದು ಹೋಗಿ ನೋಡಿದರೆ ಗೊತ್ತಾಗುವ ಪ್ರಶ್ನೆ. ಅಮ್ಮನನ್ನೂ ಕರೆದುಕೊಂಡು ಬೆಳಿಗ್ಗೆ ಹನ್ನೊಂದಕ್ಕೆ ಹೋದರು. ಮುಂದಿನ ಹಾಲ್‌ನಲ್ಲಿ ಲೈಟ್ ಇಲ್ಲದೆ ಪೇಪರ್ ಓದಬಹುದು. ಅಡುಗೆಮನೆ ಮತ್ತು ಹಿಂದಿನ ರೂಮಿಗೆ ಮಾತ್ರ ಹಗಲಲ್ಲೂ ಲೈಟ್ ಬೇಕು. ಅಮ್ಮ ಹಾಲ್‌ನ ಕಿಟಕಿ ಪಕ್ಕ ಕೂತು, ಇಷ್ಟು ಸಾಕು ಅಂದರು. ಬೆಳಕಿನ ತೂಕ 40ಕ್ಕೆ ಇಳಿಯಿತು. 155ಕ್ಕೆ 125.

ಹೀಗೆ ಮಾಡಿದ ಪಟ್ಟಿಯಲ್ಲಿ ಇನ್ನೊಂದು ಉಪಯೋಗ ಸಿಗುತ್ತದೆ. ಅಂತರ 30 ತೂಕ, ಒಂದಕ್ಕೆ 50 ರೂಪಾಯಿ, ಅಂದರೆ 1,500. ವಿಜಯನಗರದ ಓನರ್ ತಿಂಗಳಿಗೆ 1,500ಕ್ಕಿಂತ ಜಾಸ್ತಿ ಇಳಿಸಿದರೆ ಮಾತ್ರ ಆ ಮನೆ ಮುಂದೆ ಬರುತ್ತದೆ. ಫೋನ್ ಮಾಡುವ ಮುಂಚೆಯೇ ಇದು ಗೊತ್ತಿತ್ತು. ಆ ಓನರ್ 500 ಇಳಿಸಿದರು, ಒಳ್ಳೆ ಮಾತಾಡಿದರು. ಮಾಮೂಲಿ ಆಗಿದ್ದರೆ ಆ 500ಕ್ಕೆ ಇವರ ಮನಸ್ಸು ಮತ್ತೆ ಓಲಾಡಿಬಿಡುತ್ತಿತ್ತು. ಈ ಸಲ ಇಲ್ಲ.

ಕೆಲವರು ಕೇಳುತ್ತಾರೆ, ಲೆಕ್ಕ ಒಂದು ಮನೆ ತೋರಿಸುತ್ತದೆ, ಮನಸ್ಸು ಇನ್ನೊಂದರ ಕಡೆ ಎಳೆಯುತ್ತದೆ, ಆಗ? ಆಗ ತೂಕಗಳನ್ನು ಮುಟ್ಟಬೇಡಿ. ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿರಬಹುದು, ಅದನ್ನು ಹುಡುಕಿ. ಆ ಸಾಲಿಗೆ ಹೆಸರಿಡಲು ಆಗಬೇಕು, ಮತ್ತು ಅದರಲ್ಲಿ ಎರಡು ಮನೆ ನಡುವೆ ನಿಜವಾದ ವ್ಯತ್ಯಾಸ ಇರಬೇಕು. 'ಬನಶಂಕರಿಯ ಓನರ್ ಮಾತು ಒರಟು, ರಿಪೇರಿ ಬಂದರೆ ಸತಾಯಿಸಬಹುದು' ಅನ್ನುವುದು ಸಾಲು. ಅಲ್ಲಿ ಈಗ ಬಾಡಿಗೆಗೆ ಇರುವವರನ್ನು ಕೇಳಿ ತಿಳಿದುಕೊಳ್ಳಬಹುದು, ತೂಕ ಕೊಡಬಹುದು. 'ಏನೋ ಒಂಥರಾ ಅನ್ನಿಸ್ತಿದೆ' ಅನ್ನುವುದು ಇನ್ನೂ ಸಾಲಾಗಿಲ್ಲ. ಒಂದು ದಿನ ಬಿಟ್ಟು ನೋಡಿ, ಸಾಲಾಗುತ್ತದೋ ಹೋಗುತ್ತದೋ. ಫ್ರಾಂಕ್ಲಿನ್ ಮೂರು ನಾಲ್ಕು ದಿನ ಹಾಳೆಯನ್ನು ಎದುರಿಗಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಎಲ್ಲ ಕಾರಣಗಳೂ ಒಂದೇ ಹೊತ್ತಿಗೆ ತಲೆಗೆ ಬರುವುದಿಲ್ಲ ಅಂತ ಅವರು ಆ ಪತ್ರದಲ್ಲೇ ಬರೆದಿದ್ದಾರೆ.

ಇನ್ನು, ಇಷ್ಟೆಲ್ಲ ಮಾಡಿದ ಮೇಲೂ ಸಮವೇ ಬಂದರೆ? ಬರುತ್ತದೆ, ಕೆಲವು ಸಲ. ಗುರುತು ಹಿಡಿಯುವುದು ಹೀಗೆ. ಅಂತರ 5 ಇದೆ, ಆದರೆ ನಿಮ್ಮ ಸಾಲುಗಳಲ್ಲಿ ಎರಡು ಮೂರು '10 ಆಚೆ ಈಚೆ ಆಗಬಹುದು' ಅನ್ನುವಂಥವು, ಮತ್ತು ಹೋಗಿ ನೋಡಿ ತಿಳಿದುಕೊಳ್ಳುವಂಥದ್ದು ಏನೂ ಉಳಿದಿಲ್ಲ. ಆಗ ಪಟ್ಟಿಯಿಂದ ಇನ್ನೇನೂ ಹೊರಡುವುದಿಲ್ಲ. ದಶಮಾಂಶಕ್ಕೆ ಇಳಿಯಬೇಡಿ. ಆದರೆ ಇದು ನಿಜವಾದ ಸಮ, ಮೊದಲಿನ 502–495ರ ಥರದ್ದಲ್ಲ. ಇಲ್ಲಿ ತಪ್ಪು ಮನೆ ಹಿಡಿದರೂ ಆಗುವ ನಷ್ಟ 5 ತೂಕ, ಈ ಲೆಕ್ಕದಲ್ಲಿ ತಿಂಗಳಿಗೆ 250 ರೂಪಾಯಿ. ಅದಕ್ಕಾಗಿ ಇನ್ನೊಂದು ವಾರ ಕೂರುವುದಕ್ಕಿಂತ ಯಾವ ಮನೆಯಿಂದ ಹೊರಬರುವುದು ಸುಲಭ ಅಂತ ನೋಡಿ. ಒಂದು ಕಡೆ ಮಾಮೂಲಿ ಹನ್ನೊಂದು ತಿಂಗಳ ಅಗ್ರಿಮೆಂಟ್, ಇನ್ನೊಂದು ಕಡೆ ಮೂರು ವರ್ಷಕ್ಕೆ ಲೀಸ್ ಹಾಕಿ ದುಡ್ಡು ಕಟ್ಟಿಬಿಡಿ ಅಂತಾರೆ ಅಂತಿಟ್ಟುಕೊಳ್ಳಿ. ಸಮ ಇದ್ದಾಗ ನಾನು ಹನ್ನೊಂದು ತಿಂಗಳಿನದನ್ನೇ ಹಿಡಿಯುತ್ತೇನೆ. ಎರಡೂ ಕಡೆ ಅಗ್ರಿಮೆಂಟ್ ಕೂಡ ಒಂದೇ ಥರ ಇದ್ದರೆ ಚೀಟಿ ಎತ್ತಿ, ಬಂದ ಮನೆಗೆ ಅವತ್ತೇ ಅಡ್ವಾನ್ಸ್ ಕೊಟ್ಟುಬಿಡಿ.